ವರದಿಯಲ್ಲಿ 74 ಇದ್ದದ್ದು 69 ಆಗಿದೆ: ಮಗ ನಿಜವಾಗಿಯೂ ಹಿಂದೆ ಬಿದ್ದಿದ್ದಾನೆಯೇ?

ಬಿಟ್ಟಂಗಾಲದ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ಮಗನಿಗೆ ಈಗ ಒಂಬತ್ತು ವರ್ಷ ಐದು ತಿಂಗಳು. ಎರಡನೆಯ ತರಗತಿಯಲ್ಲಿದ್ದಾಗ ಓದು ಬರಹ ನಿಧಾನ ಎಂದು ಶಾಲೆಯವರು ಹೇಳಿದ್ದರಿಂದ ಐಕ್ಯೂ ಪರೀಕ್ಷೆ ಮಾಡಿಸಿದ್ದೆವು. ಆಗ 74 ಬಂದಿತ್ತು, "ಗಡಿರೇಖೆಯ ಮಟ್ಟ" ಎಂದು ಬರೆದಿದ್ದರು. ಎರಡು ವರ್ಷದ ನಂತರ, ಕಳೆದ ತಿಂಗಳು, ಅದೇ ಪರೀಕ್ಷೆಯನ್ನು ಮೈಸೂರಿನ ಒಂದು ಕೇಂದ್ರದಲ್ಲಿ ಮತ್ತೆ ಮಾಡಿಸಿದೆವು. ಈ ಸಲ 69. ವರದಿಯ ಕೊನೆಯ ಸಾಲಿನಲ್ಲಿ "ಅಲ್ಪ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ" ಎಂದಿದೆ.

ಶಾಲೆಯಲ್ಲಿ "ಐದು ಅಂಕ ಇಳಿದಿದೆ, ಮನೆಯಲ್ಲಿ ಏನಾದರೂ ಆಗಿದೆಯೇ" ಎಂದು ಕೇಳಿದರು. ಅತ್ತೆ ಮೊಬೈಲನ್ನು ದೂರುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಆದರೆ ಇದೇ ಹುಡುಗ ಕಾಫಿ ಕೊಯ್ಲಿನ ಸಂಜೆ ಯಾರು ಎಷ್ಟು ಚೀಲ ತಂದರು ಎಂದು ಪುಸ್ತಕ ನೋಡದೆ ಹೇಳುತ್ತಾನೆ. ಎರಡು ವರ್ಷದಲ್ಲಿ ಮಗುವಿನ ಬುದ್ಧಿ ಇಳಿಯುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಅಮ್ಮತ್ತಿ ಅಪ್ಪ

ಅಕ್ಕ, ಚಿಂತೆ ಬೇಡ. ನನ್ನ ಮಗಳಿಗೂ ಗಣಿತದಲ್ಲಿ 74 ಇದ್ದದ್ದು ಅರ್ಧವಾರ್ಷಿಕದಲ್ಲಿ 61ಕ್ಕೆ ಬಂದಿತ್ತು. ಗೋಣಿಕೊಪ್ಪಲಿನಲ್ಲಿ ಟ್ಯೂಷನ್‌ಗೆ ಹಾಕಿದೆವು, ಈಗ 80ರ ಮೇಲೆ. ಮೂರು ತಿಂಗಳು ಚೆನ್ನಾಗಿ ಹೇಳಿಕೊಟ್ಟರೆ ಐದು ಅಂಕ ಏನೂ ದೊಡ್ಡದಲ್ಲ.

ಬಿಟ್ಟಂಗಾಲದ ತಾಯಿ

ಇದು ಶಾಲೆಯ ಅಂಕವಲ್ಲ ಅಣ್ಣ, ಐಕ್ಯೂ. ನೂರಕ್ಕೆ ಇಷ್ಟು ಎಂಬ ಲೆಕ್ಕ ಅಲ್ಲವಂತೆ.

ತೋಟದಮನೆ

ನಾನು ಮನಶ್ಶಾಸ್ತ್ರ ಓದಿದವನಲ್ಲ, ಕಾಫಿ ಬೆಳೆಗಾರ. ಆದರೆ ಅಳತೆ ಅಂದರೆ ಏನು ಎಂದು ಗೊತ್ತು. ರೋಬಸ್ಟಾ ಚೆರಿ ಮಾರುವಾಗ ವ್ಯಾಪಾರಿ ಚೀಲಗಳಿಂದ ಒಂದಿಷ್ಟು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ ಔಟ್‌ಟರ್ನ್, ಅಂದರೆ ಚೆರಿಯಿಂದ ಎಷ್ಟು ಬೇಳೆ ಸಿಗುತ್ತದೆ ಎಂದು ಹೇಳುತ್ತಾನೆ. ಒಂದೇ ರಾಶಿಯಿಂದ ಮೂರು ಸಲ ತೆಗೆಸಿ ನೋಡಿ. ಒಮ್ಮೆ 26, ಒಮ್ಮೆ 25.5, ಇನ್ನೊಮ್ಮೆ 26.8 ಬರುತ್ತದೆ. ರಾಶಿ ಬದಲಾಗಿಲ್ಲ, ಕೈಗೆ ಸಿಕ್ಕ ಹಿಡಿ ಬದಲಾಗಿದೆ, ಅಷ್ಟೇ. ನಿಮ್ಮ 74 ಮತ್ತು 69 ಕೂಡ ಹಾಗೆಯೇ ಎರಡು ಹಿಡಿ. ಎರಡನ್ನೂ ಕೂಡಿಸಿ ಅರ್ಧ ಮಾಡಿ: 71.5. ಗಡಿ 70 ಎಂದಾದರೆ ಮಗು ಗಡಿಗಿಂತ ಮೇಲಿದ್ದಾನೆ. ಮುಗಿಯಿತು.

ಅಳತೆಗೋಲು

ತೋಟದಮನೆಯವರ ಮಾತಿನ ಮೊದಲರ್ಧ ನೂರಕ್ಕೆ ನೂರು ಸರಿ. "ಮುಗಿಯಿತು" ಎಂಬಲ್ಲಿ ನನ್ನ ತಕರಾರು ಇದೆ. ನಾನು ಹದಿನಾಲ್ಕು ವರ್ಷಗಳಿಂದ ಮಕ್ಕಳಿಗೆ ಇಂಥ ಪರೀಕ್ಷೆಗಳನ್ನೇ ಮಾಡಿ ವರದಿ ಬರೆಯುತ್ತಿರುವವಳು.

ಅಮ್ಮ, ಒಂದು ಪ್ರಶ್ನೆ. ವರದಿಯಲ್ಲಿ ಎಲ್ಲಿಯಾದರೂ ವಿಶ್ವಾಸಾರ್ಹತೆ ಎಂದೋ, ಪ್ರಮಾಣಿತ ದೋಷ ಎಂದೋ ಒಂದು ಅಂಕಿ ಇದೆಯೇ? ಸಾಮಾನ್ಯವಾಗಿ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಜೊತೆಗೆ ನಿಮ್ಮನ್ನು ಕೂರಿಸಿಕೊಂಡು ಮಗು ತಾನಾಗಿ ಬಟ್ಟೆ ಹಾಕುತ್ತಾನೆಯೇ, ಅಂಗಡಿಗೆ ಹೋಗುತ್ತಾನೆಯೇ ಎಂದೆಲ್ಲ ಕೇಳಿದರೇ?

ಬಿಟ್ಟಂಗಾಲದ ತಾಯಿ

ಹುಡುಕಿದೆ ಮೇಡಂ. "ವಿಶ್ವಾಸಾರ್ಹತೆ 0.93" ಎಂದು ಇದೆ, ಬೇರೇನೂ ಇಲ್ಲ. ನನ್ನನ್ನೂ ಅರ್ಧ ಗಂಟೆ ಕೇಳಿದ್ದರು. ಅದಕ್ಕೆ ಬೇರೆ ಹಾಳೆ, ಅದರಲ್ಲಿ "ಸಾಮಾಜಿಕ ಲಬ್ಧ 78" ಎಂದಿದೆ.

ಅಳತೆಗೋಲು

ಆ 0.93 ಸಿಕ್ಕಿದ್ದು ಒಳ್ಳೆಯದಾಯಿತು. ನಿಮ್ಮ ನಿದ್ದೆಗೆ ಬೇಕಾದ ಉತ್ತರ ಅದರೊಳಗೇ ಇದೆ. ನಿಧಾನವಾಗಿ ಹೇಳುತ್ತೇನೆ.

ಈ ಪರೀಕ್ಷೆಗಳಲ್ಲಿ ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಇಟ್ಟಿರುತ್ತಾರೆ. ಮಕ್ಕಳು ಆ ನೂರರ ಸುತ್ತ ಎಷ್ಟು ಹರಡಿಕೊಂಡಿದ್ದಾರೆ ಎಂಬುದರ ಅಳತೆ 15. ವಿಶ್ವಾಸಾರ್ಹತೆ 1 ಆಗಿದ್ದರೆ ಪರೀಕ್ಷೆಯಲ್ಲಿ ಒಂದು ಚೂರೂ ಅಲುಗಾಟವಿಲ್ಲ ಎಂದರ್ಥ. ಅಂಥ ಪರೀಕ್ಷೆ ಲೋಕದಲ್ಲಿ ಇಲ್ಲ. ನಿಮ್ಮದು 0.93, ಉಳಿದ 0.07 ಅಲುಗಾಟ. ಅದನ್ನು ಅಂಕಗಳ ಭಾಷೆಗೆ ತರುವುದು ಹೀಗೆ:

```
15 × √(1 − 0.93) = 3.97
```

ಅಂದರೆ ಸುಮಾರು 4. ಇದೇ ಮಾಪನದ ಪ್ರಮಾಣಿತ ದೋಷ. "ದೋಷ" ಎಂಬ ಪದ ನೋಡಿ ಯಾರೋ ತಪ್ಪು ಮಾಡಿದ್ದಾರೆ ಎಂದುಕೊಳ್ಳಬೇಡಿ. ತೋಟದಮನೆಯವರು ಹೇಳಿದ ಹಿಡಿಯಿಂದ ಹಿಡಿಗೆ ಇರುವ ವ್ಯತ್ಯಾಸವೇ ಇದು. ಶೇ. 95ರ ವ್ಯಾಪ್ತಿ ಬೇಕೆಂದರೆ ಈ 4ನ್ನು 1.96ರಿಂದ ಗುಣಿಸಬೇಕು, ಹತ್ತಿರ ಹತ್ತಿರ 8. ಹಾಗಾಗಿ ನಿಮ್ಮ ಮಗನ ವರದಿಯಲ್ಲಿ ಇರಬೇಕಾಗಿದ್ದದ್ದು "69" ಎಂಬ ಒಂಟಿ ಅಂಕಿಯಲ್ಲ, "69, ಶೇ. 95ರ ವ್ಯಾಪ್ತಿ 61ರಿಂದ 77" ಎಂಬ ಮಾತು. ಹಳೆಯ 74ಕ್ಕೆ ಅದೇ ಲೆಕ್ಕದಲ್ಲಿ 66ರಿಂದ 82.

ಇನ್ನು ಇಳಿದಿದೆಯೇ ಎಂಬ ಪ್ರಶ್ನೆ. ಎರಡು ಅಳತೆಗಳನ್ನು ಹೋಲಿಸುವಾಗ ಎರಡರ ಅಲುಗಾಟವೂ ಸೇರುತ್ತದೆ. ಹಾಗೆಂದು 4ಕ್ಕೆ 4 ಕೂಡಿಸಿ 8 ಮಾಡುವುದಿಲ್ಲ, ಒಂದು ಮೇಲೆ ಹೋದಾಗ ಇನ್ನೊಂದೂ ಮೇಲೆಯೇ ಹೋಗಬೇಕೆಂದಿಲ್ಲವಲ್ಲ. 4ನ್ನು ಎರಡರ ವರ್ಗಮೂಲದಿಂದ, ಅಂದರೆ 1.41ರಿಂದ ಗುಣಿಸಿದರೆ 5.6 ಬರುತ್ತದೆ. ಅದನ್ನು ಮತ್ತೆ 1.96ರಿಂದ ಗುಣಿಸಿದರೆ ಸುಮಾರು 11. ಅಷ್ಟು ಅಂತರ ಇದ್ದಿದ್ದರೆ ನಾನೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ. ಐದು ಅಂಕದ ಅಂತರ ಏನೂ ಬದಲಾಗದ ಮಗುವಿನಲ್ಲೂ ಸಲೀಸಾಗಿ ಬರುತ್ತದೆ. ಶಾಲೆಯವರು ಕೇಳಿದ "ಮನೆಯಲ್ಲಿ ಏನಾಗಿದೆ" ಎಂಬ ಪ್ರಶ್ನೆಗೆ ಈ ಐದು ಅಂಕ ಆಧಾರವೇ ಅಲ್ಲ.

ಆ ಕೊನೆಯ ಸಾಲಿನ ಬಗ್ಗೆ ನನಗೆ ಸಿಟ್ಟಿದೆ. ಬೌದ್ಧಿಕ ಅಂಗವೈಕಲ್ಯ ಎಂದು ಬರೆಯಲು ಐಕ್ಯೂ ಒಂದೇ ಸಾಲದು. ದಿನನಿತ್ಯದ ಬದುಕಿನ ಹೊಂದಾಣಿಕೆಯಲ್ಲೂ ಗಣನೀಯ ಕೊರತೆ ಇರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲೇ ಇದೆ. ನಿಮ್ಮ ಇನ್ನೊಂದು ಹಾಳೆಯಲ್ಲಿ ಆ ಹೊಂದಾಣಿಕೆಯ ಅಳತೆ 78 ಇದೆ. ಅದಕ್ಕೂ ತನ್ನದೇ ವ್ಯಾಪ್ತಿ ಉಂಟು, ಅದು ಬೇರೆ ಮಾತು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದ್ದರೆ 69ನ್ನು ಮಾತ್ರ ಹಿಡಿದು ಆ ಸಾಲು ಬರೆಯುತ್ತಿರಲಿಲ್ಲ.

ತೋಟದಮನೆ

ಹಾಗಾದರೆ ನನ್ನ ಸರಾಸರಿಯಲ್ಲಿ ತಪ್ಪೇನು ಮೇಡಂ? ಎರಡು ಸಲ ಅಳೆದು ಅರ್ಧ ಮಾಡಿದರೆ ಅಲುಗಾಟ ಕಡಿಮೆಯಾಗಬೇಕಲ್ಲ. ಮಳೆ ಲೆಕ್ಕಕ್ಕೆ ನಮ್ಮ ತೋಟದಲ್ಲಿ ಎರಡು ಮಾಪಕ ಇಟ್ಟಿರುವುದು ಅದಕ್ಕೇ.

ಅಳತೆಗೋಲು

ಕಡಿಮೆಯಾಗುತ್ತದೆ, ಒಪ್ಪಿದೆ. 4 ಇದ್ದದ್ದು 2.8 ಆಗುತ್ತದೆ. 71.5ರ ಸುತ್ತ 66ರಿಂದ 77. ಆದರೂ 70 ಒಳಗೇ ಉಳಿಯಿತು ನೋಡಿ! ಗಡಿಗಿಂತ ಮೇಲಿದ್ದಾನೆ ಎಂದು ಘೋಷಿಸಲು ಅದೂ ಸಾಲದು.

ಇನ್ನೊಂದು ತೊಡಕು ಎಂದರೆ ಕಾಫಿ ರಾಶಿಗೆ ನೆನಪಿಲ್ಲ, ಮಗುವಿಗೆ ಇದೆ. ಅದೇ ಮೇಜು, ಅದೇ ಮರದ ತುಂಡುಗಳು ಎಂದು ಗೊತ್ತಾದ ಮಗು ಎರಡನೆಯ ಸಲ ಸ್ವಲ್ಪ ಬೇಗ ಜೋಡಿಸಬಹುದು. ಅದಕ್ಕೇ ಒಂದು ತಿಂಗಳೊಳಗೆ "ಇನ್ನೊಮ್ಮೆ ಮಾಡಿ ನೋಡೋಣ" ಎಂದು ಬರುವವರನ್ನು ನಾನು ವಾಪಸು ಕಳಿಸುತ್ತೇನೆ. ಎರಡು ವರ್ಷದ ಅಂತರವಾದ್ದರಿಂದ ಇಲ್ಲಿ ಆ ಭಯ ಅಷ್ಟಿಲ್ಲ.

ಬಿಟ್ಟಂಗಾಲದ ತಾಯಿ

ಮೇಡಂ, ಓದಿ ಅತ್ತುಬಿಟ್ಟೆ. ಇನ್ನೊಂದು ಹೇಳಬೇಕು, ಅದು ಇದಕ್ಕೆ ಸಂಬಂಧವೋ ಇಲ್ಲವೋ ಗೊತ್ತಿಲ್ಲ. ಮೊದಲ ಪರೀಕ್ಷೆ ವಿರಾಜಪೇಟೆಯಲ್ಲೇ ಆಗಿತ್ತು, ಮಾಡಿದವರಿಗೆ ನಮ್ಮ ಮನೆಮಾತು ಕೊಡವ ತಕ್ಕ್ ಬರುತ್ತಿತ್ತು. ಈ ಸಲ ಬೆಳಿಗ್ಗೆ ಐದಕ್ಕೇ ಬಸ್ ಹತ್ತಿದೆವು. ಜೋರು ಮಳೆ. ಹುಣಸೂರು ಬರುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಪರೀಕ್ಷೆಯ ಕೋಣೆಯಲ್ಲಿ ಕೆಲವು ಪ್ರಶ್ನೆಗಳಿಗೆ ಕೊಡವ ತಕ್ಕ್‌ನಲ್ಲಿ ಉತ್ತರ ಹೇಳಿದ. ಅವರಿಗೆ ಅರ್ಥವಾಗಲಿಲ್ಲ, ಮುಂದಿನ ಪ್ರಶ್ನೆಗೆ ಹೋದರು. ಇದೆಲ್ಲ ಆ 8 ಅಂಕದೊಳಗೆ ಸೇರಿದೆಯೇ?

ಮಡಿಕೇರಿ ಲೆಕ್ಕಿಗ

ಈ ಎಳೆಯಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಮಕ್ಕಳ ಪರೀಕ್ಷೆ ನನ್ನ ಕ್ಷೇತ್ರವಲ್ಲ. ಆದರೂ ಉತ್ತರ ಹೇಳಬಲ್ಲೆ: ಬಹುಶಃ ಸೇರಿಲ್ಲ.

ಆ 0.93 ಎಲ್ಲಿಂದ ಬಂತು ಎಂದು ನೋಡಬೇಕು. ಅನೇಕ ಪರೀಕ್ಷೆಗಳಲ್ಲಿ ಮಕ್ಕಳನ್ನು ಒಂದೇ ದಿನ ಕೂರಿಸಿ, ಪ್ರಶ್ನೆಗಳನ್ನು ಸಮಬೆಸ ಎಂದು ಎರಡು ಪಾಲು ಮಾಡಿ, ಒಂದು ಪಾಲಿನ ಅಂಕ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ. ಹೊಟ್ಟೆ ತೊಳೆಸುತ್ತಿದ್ದ ಮಗುವಿಗೆ ಸಮ ಪ್ರಶ್ನೆಯಲ್ಲೂ ಅಂಕ ಹೋಗುತ್ತದೆ, ಬೆಸ ಪ್ರಶ್ನೆಯಲ್ಲೂ ಹೋಗುತ್ತದೆ. ಎರಡು ಪಾಲುಗಳು ಚೆನ್ನಾಗಿಯೇ ಹೊಂದುತ್ತವೆ! ಹಾಗಾಗಿ ವಾಂತಿಯ ಪರಿಣಾಮ ಆ ಸಂಖ್ಯೆಯ ಕಣ್ಣಿಗೆ ಬೀಳುವುದೇ ಇಲ್ಲ. ಕೆಲವು ವಾರ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಪರೀಕ್ಷೆ ಮಾಡಿ ಪಡೆದ ಗುಣಾಂಕವಾದರೆ ದಿನದಿಂದ ದಿನಕ್ಕೆ ಆಗುವ ಏರಿಳಿತ ಅದರಲ್ಲಿ ಇರುತ್ತದೆ. ಅದು ಹೆಚ್ಚಾಗಿ ಇದಕ್ಕಿಂತ ಕಡಿಮೆ ಇರುತ್ತದೆ, ಅದಕ್ಕೆ ತಕ್ಕಂತೆ ವ್ಯಾಪ್ತಿ ಅಗಲವಾಗುತ್ತದೆ.

ಭಾಷೆಯ ವಿಷಯ ಇದಕ್ಕಿಂತ ಗಟ್ಟಿ. ತೋಟದಮನೆಯವರ ಉದಾಹರಣೆಯನ್ನೇ ಹಿಡಿದರೆ, ವ್ಯಾಪಾರಿಯ ತಕ್ಕಡಿಯೇ ನೂರು ಗ್ರಾಂ ಕಡಿಮೆ ತೋರಿಸುತ್ತಿದ್ದರೆ ಮೂರಲ್ಲ, ಮೂವತ್ತು ಹಿಡಿ ತೆಗೆದರೂ ಪ್ರಯೋಜನವಿಲ್ಲ. ಎಲ್ಲವೂ ಒಂದೇ ಕಡೆಗೆ ತಪ್ಪುತ್ತವೆ. ಮಗುವಿನ ಸರಿ ಉತ್ತರಕ್ಕೆ ಸೊನ್ನೆ ಬಿದ್ದದ್ದು ಅಲುಗಾಟವಲ್ಲ, ಅದು ಓರೆ. ಪ್ರಮಾಣಿತ ದೋಷ ಅಲುಗಾಟವನ್ನು ಮಾತ್ರ ಎಣಿಸುತ್ತದೆ. "61ರಿಂದ 77" ಎಂದು ಅಚ್ಚುಕಟ್ಟಾಗಿ ಬರೆದು, ಉತ್ತರ ಅರ್ಥವಾಗದೆ ಬಿಟ್ಟದ್ದನ್ನು ಬರೆಯದೆ ಹೋದರೆ ಆ ವರದಿ ಪ್ರಾಮಾಣಿಕವಲ್ಲ.

ಮೇಡಂ ಅವರಿಗೂ ಒಂದು ಮಾತು. ಶೇ. 95ರ ವ್ಯಾಪ್ತಿ ಎಂದರೆ "ನಿಜವಾದ ಅಂಕ ಇದರೊಳಗೆ ಇರುವ ಸಂಭವ ಶೇ. 95" ಎಂದು ತಾಯಂದಿರು ಓದುತ್ತಾರೆ. ಶಾಸ್ತ್ರದ ಪ್ರಕಾರ ಹಾಗಲ್ಲ. ಇದೇ ವಿಧಾನದಲ್ಲಿ ನೂರು ಸಲ ವ್ಯಾಪ್ತಿ ಎಳೆದರೆ ತೊಂಬತ್ತೈದು ಸಲ ಅದು ನಿಜವಾದ ಅಂಕವನ್ನು ಹಿಡಿಯುತ್ತದೆ ಎಂದಷ್ಟೇ ಅರ್ಥ.

ಅಳತೆಗೋಲು

ನಾನು ಆ ಮಾತನ್ನು ಹೇಳಿಯೇ ಇಲ್ಲ ಸರ್, ಮೇಲೆ ನೋಡಿ. ಆದರೂ ಕಿವಿಮಾತು ಸ್ವೀಕರಿಸಿದೆ.

ಓರೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅಮ್ಮ, ಮಗು ಕೊಡವ ತಕ್ಕ್‌ನಲ್ಲಿ ಕೊಟ್ಟ ಉತ್ತರಗಳನ್ನು ಪರೀಕ್ಷಕರು ಕೇಳಿದಂತೆಯೇ ಬರೆದುಕೊಂಡಿದ್ದಾರೆಯೇ ಎಂದು ಕೇಳಿ. ಬರೆದಿದ್ದರೆ ಭಾಷೆ ಬಲ್ಲವರ ಸಹಾಯದಿಂದ ಮತ್ತೆ ನೋಡಲು ಸಾಧ್ಯ. ಬರೆದಿಲ್ಲವಾದರೆ ಮಾತಿನ ಭಾಗದ ಅಂಕವನ್ನು ಎಚ್ಚರಿಕೆಯಿಂದ ಓದಬೇಕು ಎಂದು ವರದಿಯಲ್ಲಿ ಸೇರಿಸುವಂತೆ ಕೇಳುವುದು ನಿಮ್ಮ ಹಕ್ಕು. ಕೈಕೆಲಸದ ಭಾಗ ಮತ್ತು ಮಾತಿನ ಭಾಗದ ಅಂಕಗಳು ಬೇರೆ ಬೇರೆ ಇದ್ದರೆ ಎರಡನ್ನೂ ಇಲ್ಲಿ ಹಾಕಿ.

ಬಿಟ್ಟಂಗಾಲದ ತಾಯಿ

ಮಾತಿನ ಭಾಗ 64, ಕೈಕೆಲಸದ ಭಾಗ 77.

ತೋಟದಮನೆ

ನೋಡಿದಿರಾ! ತಕ್ಕಡಿಯದ್ದೇ ತಪ್ಪು.

ಅಳತೆಗೋಲು

ಅಷ್ಟು ಬೇಗ ಬೇಡ. ಭಾಗಗಳ ವಿಶ್ವಾಸಾರ್ಹತೆ ಒಟ್ಟು ಅಂಕದ್ದಕ್ಕಿಂತ ಕಡಿಮೆ, ಯಾಕೆಂದರೆ ಪ್ರಶ್ನೆಗಳು ಕಡಿಮೆ. ಎರಡಕ್ಕೂ 0.88 ಎಂದು ಇಟ್ಟುಕೊಂಡರೆ ಪ್ರಮಾಣಿತ ದೋಷ 5.2 ಆಗುತ್ತದೆ, ಅಂತರಕ್ಕೆ 7.3, ಅಂದರೆ ಶೇ. 95ಕ್ಕೆ 14ಕ್ಕಿಂತ ಹೆಚ್ಚು ಅಂತರ ಬೇಕು. ಇಲ್ಲಿ ಇರುವುದು 13. ಅಂಚಿನಲ್ಲಿದೆ. ಭಾಷೆಯ ಕಥೆಗೆ ಹೊಂದುತ್ತದೆ, ಸಾಬೀತು ಮಾಡುವುದಿಲ್ಲ. ನನಗೂ ಅದೇ ಅನುಮಾನ ಇದೆ, ಆದರೆ ಅನುಮಾನವನ್ನು ಅನುಮಾನ ಎಂದೇ ಬರೆಯಬೇಕು. ಇನ್ನೂ ಸಣ್ಣ ಉಪಪರೀಕ್ಷೆಗಳ ಅಂಕ ಹಿಡಿದು "ಇದರಲ್ಲಿ ಚುರುಕು, ಅದರಲ್ಲಿ ಮಂದ" ಎಂದು ಪಟ್ಟಿ ಮಾಡುವ ವರದಿಗಳನ್ನು ಕಂಡರೆ ನನಗೆ ಆಗುವುದಿಲ್ಲ. ಅಲ್ಲಿ ಅಲುಗಾಟ ಇನ್ನೂ ಹೆಚ್ಚು.

ಕುಶಾಲನಗರ ಕಟುನುಡಿ

ಎಲ್ಲ ಓದಿದೆ. ಒಂದು ಪರೀಕ್ಷೆ ಮಾಡುತ್ತೀರಿ, ದುಡ್ಡು ತೆಗೆದುಕೊಳ್ಳುತ್ತೀರಿ, ಆಮೇಲೆ "61 ಇರಬಹುದು, 77 ಇರಬಹುದು" ಎನ್ನುತ್ತೀರಿ. ಇದಕ್ಕೆ ಕಣಿ ಕೇಳಿದರೆ ಸಾಲದೇ? ಪ್ರಮಾಣಪತ್ರ ಕೊಡುವವರಿಗೆ ಒಂದೇ ಸಂಖ್ಯೆ ಬೇಕು. 69 ಎಂದರೆ ಒಳಗೆ, 70 ಎಂದರೆ ಹೊರಗೆ. ವ್ಯಾಪ್ತಿ ಹಿಡಿದುಕೊಂಡು ಹೋದರೆ ಯಾವ ಕಿಟಕಿಯಲ್ಲಿ ತೆಗೆದುಕೊಳ್ಳುತ್ತಾರೆ?

ಅಳತೆಗೋಲು

61 ಮತ್ತು 69 ಸಮಾನ ಸಂಭವದವು ಎಂದು ಯಾರೂ ಹೇಳಿಲ್ಲ. ನಡುವಿನ ಅಂಕಗಳೇ ಹೆಚ್ಚು ನಂಬತಕ್ಕವು, ಅಂಚಿಗೆ ಹೋದಂತೆ ಕಡಿಮೆ. ಮತ್ತೆ 61ರಿಂದ 77 ಎಂದರೆ 100 ಅಲ್ಲ, 90 ಅಲ್ಲ, 45 ಅಲ್ಲ ಎಂದೂ ಅರ್ಥ. ಮಗುವಿಗೆ ಓದಿನಲ್ಲಿ ಸಹಾಯ ಬೇಕು ಎಂಬುದು ವ್ಯಾಪ್ತಿಯ ಎರಡೂ ತುದಿಯಲ್ಲಿ ನಿಂತು ನೋಡಿದರೂ ಬದಲಾಗುವುದಿಲ್ಲ. ಬದಲಾಗುವುದು ಹಣೆಪಟ್ಟಿ ಮಾತ್ರ.

ಕಿಟಕಿಯ ಪ್ರಶ್ನೆ ನಿಜ. ಅಮೆರಿಕದ ಫ್ಲಾರಿಡಾದಲ್ಲಿ ಇದೇ 70ರ ಗೆರೆ ಒಬ್ಬನ ಪ್ರಾಣದ ಪ್ರಶ್ನೆಯಾಗಿತ್ತು. ಫ್ರೆಡ್ಡಿ ಲೀ ಹಾಲ್ ಎಂಬ ಮರಣದಂಡನೆಯ ಕೈದಿಯ ಅಂಕ 71, ಆದ್ದರಿಂದ ಮುಂದೆ ಸಾಕ್ಷ್ಯವನ್ನೇ ನೋಡುವುದಿಲ್ಲ ಎಂದು ರಾಜ್ಯ ಹೇಳಿತ್ತು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾಪನದ ಪ್ರಮಾಣಿತ ದೋಷವನ್ನು ಗಣನೆಗೆ ತೆಗೆದುಕೊಳ್ಳದೆ 70ಕ್ಕೆ ಗೆರೆ ಎಳೆಯುವುದು ಸಂವಿಧಾನಬಾಹಿರ ಎಂದಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಹಾಗೆಂದರು, ನಾಲ್ವರು ಒಪ್ಪಲಿಲ್ಲ.

ಮಡಿಕೇರಿ ಲೆಕ್ಕಿಗ

ಇಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ಮೇಡಂ 69ನ್ನು ನಡುವೆ ಇಟ್ಟು ಎರಡೂ ಕಡೆಗೆ 8 ಎಳೆದರು. ಇನ್ನೊಂದು ದಾರಿಯೂ ಉಂಟು. ತೀರಾ ಕೆಳಗೆ ಬಂದ ಅಂಕದಲ್ಲಿ ದುರದೃಷ್ಟದ ಪಾಲು ಸ್ವಲ್ಪ ಇದ್ದೇ ಇರುತ್ತದೆ, ಆದ್ದರಿಂದ ನಿಜವಾದ ಅಂಕ ಸರಾಸರಿಯ ಕಡೆಗೆ ಕೊಂಚ ಮೇಲಿರಬಹುದು ಎಂಬ ಲೆಕ್ಕ ಅದು. ನೂರರಿಂದ 31 ಅಂಕ ಕೆಳಗಿದ್ದಾನೆ, 31ರಲ್ಲಿ 0.93 ಪಾಲು ಎಂದರೆ ಸುಮಾರು 29. ಹಾಗಾಗಿ ಅಂದಾಜು 71, ವ್ಯಾಪ್ತಿ ಸುಮಾರು 64ರಿಂದ 79. ಗಮನಿಸಿ, ಅದೇ ಮಗು, ಅದೇ ದಿನದ ಉತ್ತರಗಳು. ಮೊದಲ ದಾರಿಯಲ್ಲಿ ನಡುಬಿಂದು ಗೆರೆಯ ಕೆಳಗೆ, ಎರಡನೆಯದರಲ್ಲಿ ಮೇಲೆ.

ಅಳತೆಗೋಲು

ಗೊತ್ತು ಸರ್. ವೆಕ್ಸ್‌ಲರ್ ಪರೀಕ್ಷೆಗಳ ಕೈಪಿಡಿಗಳು ಆ ದಾರಿಯಲ್ಲೇ ವ್ಯಾಪ್ತಿ ಕೊಡುತ್ತವೆ, ಅದಕ್ಕೇ ಕೆಲವು ವರದಿಗಳಲ್ಲಿ ಅಂಕ ವ್ಯಾಪ್ತಿಯ ನಡುವೆ ಇರದೆ ಒಂದು ಬದಿಗೆ ಕಾಣುತ್ತದೆ. ಪೋಷಕರು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. ಆದರೆ ನನಗೊಂದು ಸಂಶಯ. ಸರಾಸರಿಯ ಕಡೆಗೆ ಎನ್ನುತ್ತೀರಲ್ಲ, ಯಾರ ಸರಾಸರಿ? ನನ್ನ ಬಳಿ ಬರುವವರು ಬೀದಿಯಲ್ಲಿ ಸಿಕ್ಕ ನೂರು ಮಕ್ಕಳಲ್ಲ, ಓದಿನಲ್ಲಿ ತೊಂದರೆ ಇದೆ ಎಂದು ಶಾಲೆಯೇ ಆರಿಸಿ ಕಳಿಸಿದವರು. ಅವರ ಸರಾಸರಿ 100 ಇರಲಾರದು. ಅದನ್ನು 80 ಎಂದು ಹಿಡಿದರೆ ನಿಮ್ಮ 71 ಮತ್ತೆ 70ರ ಕೆಳಗೆ ಇಳಿಯುತ್ತದೆ.

ಮಡಿಕೇರಿ ಲೆಕ್ಕಿಗ

ಇಳಿಯುತ್ತದೆ, 69.8. ಅದಕ್ಕೆ ನನ್ನ ಬಳಿ ಶುದ್ಧ ಉತ್ತರವಿಲ್ಲ. ಅಂಥ ಗುಂಪಿನಲ್ಲಿ ಹರಡುವಿಕೆಯೂ ವಿಶ್ವಾಸಾರ್ಹತೆಯೂ ಬೇರೆಯೇ ಇರುತ್ತವೆ. ಯಾವ ದಾರಿ ಹಿಡಿದಿರೋ ಅದನ್ನು ವರದಿಯಲ್ಲಿ ಹೇಳಿ, ಅಂಕ ಬಂದ ಮೇಲೆ ದಾರಿ ಆರಿಸಬೇಡಿ ಎಂದಷ್ಟೇ ಹೇಳಬಲ್ಲೆ.

ಸೋಮವಾರಪೇಟೆ ಮೇಷ್ಟ್ರು

ನಿವೃತ್ತ ಶಿಕ್ಷಕ. ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೀವೆಲ್ಲ ವರ್ಗಮೂಲ ತೆಗೆಯುವ ಮೊದಲು ಮಗುವಿನ ಹುಟ್ಟಿದ ದಿನ ಸರಿಯಿದೆಯೇ ನೋಡಿದಿರಾ? ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಿಸಿ ಬರೆಸಿದವರನ್ನು ನನ್ನ ಕಾಲದಲ್ಲಿ ಬಹಳ ಕಂಡಿದ್ದೇನೆ. ನಾನು ಬಲ್ಲ ಬಿನೆ–ಕಾಮತ್ ಪರೀಕ್ಷೆಯಲ್ಲಿ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಿದ್ದರು. ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಕಾಮತರು 1930ರ ದಶಕದಲ್ಲಿ ಹೊಂದಿಸಿದ ಪರೀಕ್ಷೆ ಅದು. ಮಾನಸಿಕ ವಯಸ್ಸು 78 ತಿಂಗಳು, ನಿಜ ವಯಸ್ಸು 113 ತಿಂಗಳು ಎಂದರೆ 69. ನಿಜ ವಯಸ್ಸು 110 ತಿಂಗಳಾದರೆ 71. ಮೂರು ತಿಂಗಳ ಸುಳ್ಳು, ಎರಡು ಅಂಕ.

ಬಿಟ್ಟಂಗಾಲದ ತಾಯಿ

ಹುಟ್ಟಿದ ದಿನ ಸರಿಯಿದೆ ಮೇಷ್ಟ್ರೇ, ಆಸ್ಪತ್ರೆಯ ಪತ್ರವೇ ಇದೆ. ನಮ್ಮದು ಆ ಪರೀಕ್ಷೆಯಲ್ಲ, ಆದರೂ ಕೇಳಿದ್ದಕ್ಕೆ ಧನ್ಯವಾದ.

ಮೇಡಂ, ಕೇಂದ್ರಕ್ಕೆ ಫೋನ್ ಮಾಡಿ ಏನೆಂದು ಕೇಳಲಿ? ಜಗಳಕ್ಕೆ ಬಂದವಳು ಎಂದುಕೊಂಡಾರು.

ಅಳತೆಗೋಲು

ಜಗಳವೇನೂ ಅಲ್ಲ. "ವರದಿ ಬದಲಿಸಿ" ಎನ್ನಬೇಡಿ, "ವಿವರ ಸೇರಿಸಿ" ಎನ್ನಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಈ ದಿನದ ಒಟ್ಟು ಅಂಕ 69. ಪರೀಕ್ಷೆಯ ಅಲುಗಾಟವನ್ನು ಗಮನಿಸಿದರೆ ಶೇ. 95ರ ವ್ಯಾಪ್ತಿ 61ರಿಂದ 77. ಎರಡು ವರ್ಷದ ಹಿಂದಿನ 74ಕ್ಕೂ ಇದಕ್ಕೂ ಇರುವ ಅಂತರವನ್ನು ಇಳಿಕೆ ಎಂದು ಪರಿಗಣಿಸಲಾಗದು. ಮಗುವಿನ ಮನೆಮಾತು ಕೊಡವ ತಕ್ಕ್, ಪರೀಕ್ಷೆ ಕನ್ನಡದಲ್ಲಿ ನಡೆಯಿತು, ಕೆಲವು ಉತ್ತರಗಳು ಪರೀಕ್ಷಕರಿಗೆ ಅರ್ಥವಾಗಲಿಲ್ಲ. ಪ್ರಯಾಣದಲ್ಲಿ ಮಗುವಿಗೆ ವಾಂತಿಯಾಗಿತ್ತು. ಈ ಕಾರಣಗಳ ಪರಿಣಾಮ ಮೇಲಿನ ವ್ಯಾಪ್ತಿಯಲ್ಲಿ ಸೇರಿಲ್ಲ. ಸಾಮಾಜಿಕ ಲಬ್ಧ 78. ಎರಡನ್ನೂ ಸೇರಿಸಿ ನೋಡಿದಾಗ ಈ ಹಂತದಲ್ಲಿ ಅಂಗವೈಕಲ್ಯ ಎಂದು ನಿರ್ಧರಿಸಲು ಆಧಾರ ಸಾಲದು."

ಕೊನೆಯ ವಾಕ್ಯದ ಬಗ್ಗೆ ಅವರು ನನ್ನೊಡನೆ ಭಿನ್ನಾಭಿಪ್ರಾಯ ಇಟ್ಟುಕೊಳ್ಳಬಹುದು, ಮಗುವನ್ನು ನೋಡಿದವರು ಅವರು. ಮೊದಲಿನ ವಾಕ್ಯಗಳ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಜಾಗವಿಲ್ಲ.

ಕುಶಾಲನಗರ ಕಟುನುಡಿ

ಬರೆಯುವುದೇನೋ ಚೆನ್ನಾಗಿದೆ. ಆದರೆ ಪ್ರಮಾಣಪತ್ರ ಸಿಕ್ಕಿದ್ದರೆ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೋ ಏನೋ ಸಿಗುತ್ತಿತ್ತು. ನಿಮ್ಮ ಪ್ರಾಮಾಣಿಕತೆಯಿಂದ ಅದೂ ಹೋಯಿತಲ್ಲ? ಇದನ್ನು ಆ ತಾಯಿಗೆ ಹೇಳಿದಿರಾ?

ಅಳತೆಗೋಲು

ಹೇಳಿಲ್ಲ, ಹೇಳಬೇಕಿತ್ತು. 69 ಎಂದು ಬರೆದರೆ ಸೌಲಭ್ಯ, ಪ್ರಾಮಾಣಿಕವಾಗಿ ಬರೆದರೆ ಸಂಶಯ. ಈ ಇಕ್ಕಟ್ಟು ನನ್ನ ಮೇಜಿನ ಮೇಲೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ನಾನು ಅಂಕ ಬದಲಿಸುವುದಿಲ್ಲ. ಓದಿನ ತೊಂದರೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಅದರ ಆಧಾರದ ಮೇಲೆ ಶಾಲೆಯಲ್ಲಿ ಸಹಾಯ ಕೇಳಲು ಹೇಳುತ್ತೇನೆ. ಎಲ್ಲ ಶಾಲೆಗಳೂ ಕೇಳಿಸಿಕೊಳ್ಳುತ್ತವೆ ಎಂದು ಹೇಳಲಾರೆ.

ಬಿಟ್ಟಂಗಾಲದ ತಾಯಿ

ಇಂದು ಕೇಂದ್ರಕ್ಕೆ ಫೋನ್ ಮಾಡಿದ್ದೆ. ಸಿಟ್ಟಾಗಲಿಲ್ಲ. ಉತ್ತರಗಳನ್ನು ಬರೆದುಕೊಂಡ ಹಾಳೆ ಇದೆಯಂತೆ, ಮೂರು ಉತ್ತರಗಳ ಎದುರು "ಬೇರೆ ಭಾಷೆ" ಎಂದು ಮಾತ್ರ ಬರೆದಿದ್ದಾರಂತೆ, ಉತ್ತರ ಬರೆದಿಲ್ಲ. ವ್ಯಾಪ್ತಿಯನ್ನೂ ಭಾಷೆಯ ವಿಷಯವನ್ನೂ ಸೇರಿಸಿ ಹೊಸ ಪುಟ ಕಳಿಸುತ್ತೇವೆ ಎಂದರು. ಕೊನೆಯ ಸಾಲಿನ ಬಗ್ಗೆ "ಯೋಚಿಸುತ್ತೇವೆ" ಎಂದಿದ್ದಾರೆ.

ಶಾಲೆಗೆ ಹೋಗಿ ಇದನ್ನೇ ಹೇಳಿದೆ. ಮುಖ್ಯ ಶಿಕ್ಷಕಿ ಪೂರ್ತಿ ಕೇಳಿಸಿಕೊಂಡರು, ಆಮೇಲೆ ಅವರ ನಮೂನೆಯನ್ನು ತೋರಿಸಿದರು. ಐಕ್ಯೂ ಎಂಬಲ್ಲಿ ಎರಡು ಚೌಕ ಇದೆ, ಎರಡು ಅಂಕಿಗೆ ಮಾತ್ರ ಜಾಗ. "ಇಲ್ಲಿ ಏನು ಬರೆಯಲಿ ಹೇಳಿ" ಎಂದರು. ಸದ್ಯಕ್ಕೆ ಖಾಲಿ ಬಿಟ್ಟು ಬಂದಿದ್ದೇನೆ.